ಜೀನ್ಸ್ ಒಗೆಯುವುದು ಹೇಗೆ: ಬಣ್ಣವೂ ಉಳಿಯಬೇಕು, ಅಳತೆಯೂ ಕೆಡಬಾರದು

ಕಡುನೀಲಿ ಜೀನ್ಸಿನ ಬಣ್ಣ ನೀರಿನಲ್ಲಿ ಕರಗಿ ಹೋಗುವುದಲ್ಲ. ಉಜ್ಜಿ ಉಜ್ಜಿ ಉದುರಿ ಹೋಗುವುದು. ಇದೊಂದು ಗೊತ್ತಾದರೆ ಪ್ಯಾಂಟನ್ನು ಯಾಕೆ ಉಲ್ಟಾ ಮಾಡಬೇಕು, ಬ್ರಶ್ ಯಾಕೆ ಬೇಡ, ಮೆಷಿನ್ನಿನಲ್ಲಿ ಜಾಸ್ತಿ ತುಂಬಬಾರದು ಅಂತ ಯಾಕೆ ಹೇಳುತ್ತಾರೆ ಅನ್ನುವುದೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ಅಳತೆ ಕೆಡುವುದಕ್ಕೆ ಬೇರೆ ಎರಡು ಕಾರಣ ಇವೆ: ಬಿಸಿ ಮತ್ತು ಒದ್ದೆ ಬಟ್ಟೆಯ ಭಾರ.

ಇಲ್ಲಿ ಹೇಳುತ್ತಿರುವುದು ಈಗ ಹೆಚ್ಚಿನವರು ಹಾಕುವ ಪ್ಯಾಂಟಿನ ಬಗ್ಗೆ. ಕಡುನೀಲಿ, ಸ್ವಲ್ಪ ಹಿಗ್ಗುವಂಥದ್ದು, ಒಳಗಿನ ಚೀಟಿಯಲ್ಲಿ 98% ಹತ್ತಿ, 2% ಇಲಾಸ್ಟೇನ್ ಅಂತ ಬರೆದಿರುತ್ತದಲ್ಲ, ಅದು.

ಬಣ್ಣ ಎಲ್ಲಿ ಕೂತಿದೆ

ಜೀನ್ಸ್ ಬಟ್ಟೆಯಲ್ಲಿ ಉದ್ದಕ್ಕೆ ಓಡುವ ಹಾಸಿನ ನೂಲಿಗೆ ಮಾತ್ರ ನೀಲಿ ಹಾಕಿರುತ್ತಾರೆ. ಅಡ್ಡಕ್ಕೆ ಹೋಗುವ ಹೊಕ್ಕಿನ ನೂಲು ಬಿಳಿ. ಮಾಮೂಲಿ ಡೆನಿಮ್ಮಿನಲ್ಲಿ ಹಾಸಿನ ನೂಲು ಮೂರು ಹೊಕ್ಕಿನ ಮೇಲೆ ಹಾದು, ಒಂದರ ಕೆಳಗೆ ಹೋಗುತ್ತದೆ. ಹಾಗಾಗಿ ಹೊರಮೈ ನೀಲಿ, ಒಳಮೈ ಬಿಳಿ. ಪ್ಯಾಂಟನ್ನು ತಿರುಗಿಸಿ ನೋಡಿದರೆ ಕಾಣುತ್ತದೆ.

ನೀಲಿಯ ಹೆಸರು ಇಂಡಿಗೊ. ಅದು ನೀರಿನಲ್ಲಿ ಕರಗದ ಬಣ್ಣ. ನೂಲಿಗೆ ಹಾಕುವಾಗ ರಾಸಾಯನಿಕ ಬೆರೆಸಿ ಕರಗುವ ಹಾಗೆ ಮಾಡುತ್ತಾರೆ. ನೂಲನ್ನು ಅದರಲ್ಲಿ ಅದ್ದಿ ಗಾಳಿಗೆ ಹಿಡಿದಾಗ ಮತ್ತೆ ನೀಲಿಗೆ ತಿರುಗಿ ಅಲ್ಲೇ ಗಟ್ಟಿಯಾಗುತ್ತದೆ. ಹೀಗೆ ಹಲವು ಸಲ ಅದ್ದಿ ತೆಗೆದರೂ ಬಣ್ಣ ನೂಲಿನ ಹೊರಪದರದಲ್ಲೇ ಇರುತ್ತದೆ, ನಡುವಿನ ಎಳೆಗಳು ಬಿಳಿಯಾಗಿಯೇ ಉಳಿಯುತ್ತವೆ. ಸುಣ್ಣ ಬಳಿದ ಗೋಡೆಗೆ ಒರಗಿದರೆ ಅಂಗಿ ಬೆಳ್ಳಗಾಗುತ್ತದಲ್ಲ, ಇಲ್ಲೂ ನಡೆಯುವುದು ಅದೇ. ಮೊಣಕಾಲು, ತೊಡೆ, ಜೇಬಿನ ಅಂಚು, ಹೊಲಿಗೆಯ ಉಬ್ಬು, ಹೀಗೆ ಎಲ್ಲಿ ಉಜ್ಜಾಟ ಜಾಸ್ತಿಯೋ ಅಲ್ಲಿ ಮೊದಲು ಬಿಳುಪು ಕಾಣುತ್ತದೆ.

ಕಪ್ಪು ಜೀನ್ಸಿನ ಬಣ್ಣ ಬೇರೆ, ಬಹಳ ಸಲ ಅದು ಸಲ್ಫರ್ ಬಣ್ಣ. ಒಗೆಯುವ ಕ್ರಮ ಮಾತ್ರ ಇದೇ. ಬ್ಲೀಚಿನಿಂದ ಅದನ್ನು ಇನ್ನೂ ದೂರ ಇಡಬೇಕು.

ಉಪ್ಪಿನ ಮಾತು

ಹೊಸ ಪ್ಯಾಂಟು ತಂದ ನನ್ನ ತಂಗಿಯ ಮಗ ಕೇಳಿದ: "ದೊಡ್ಡಮ್ಮ, ಮೊದಲನೇ ಸಲ ಉಪ್ಪುನೀರಲ್ಲಿ ನೆನೆಸಿದ್ರೆ ಬಣ್ಣ ನಿಲ್ಲುತ್ತಂತೆ, ಹೌದಾ?" ಎಲ್ಲರ ಮನೆಯಲ್ಲೂ ಇರುವ ಮಾತು ಇದು. ಕೆಲವು ಬಣ್ಣಗಳನ್ನು ಬಟ್ಟೆಗೆ ಹಾಕುವಾಗ ಉಪ್ಪು ಬಳಸುವುದು ನಿಜ. ನೀರಿನಲ್ಲಿರುವ ಬಣ್ಣ ಹತ್ತಿಗೆ ಹೋಗಿ ಹಿಡಿಯಲು ಅದು ನೆರವಾಗುತ್ತದೆ. ಇಂಡಿಗೊ ಹಾಗೆ ಹಿಡಿಯುವ ಬಣ್ಣವಲ್ಲ. ನೂಲಿನ ಮೇಲೆ ಆಗಲೇ ಗಟ್ಟಿಯಾಗಿ ಕೂತಿರುವುದನ್ನು ಉಪ್ಪು ಇನ್ನಷ್ಟು ಅಂಟಿಸುವುದಿಲ್ಲ.

ವಿನೆಗರ್ ಕೂಡ ಬಣ್ಣ ನಿಲ್ಲಿಸುವುದಿಲ್ಲ. ಅದಕ್ಕೆ ಬೇರೆ ಉಪಯೋಗ ಇದೆ, ಮುಂದೆ ಹೇಳುತ್ತೇನೆ.

ಹೊಸ ಪ್ಯಾಂಟಿನಲ್ಲಿ ಮೊದಲ ಕೆಲವು ಒಗೆತಕ್ಕೆ ಬಣ್ಣ ಬಿಟ್ಟೇ ಬಿಡುತ್ತದೆ. ನೂಲಿನ ಮೇಲೆ ಹೆಚ್ಚಾಗಿ ಕೂತಿದ್ದ ಪುಡಿ ಅದು, ಹೋಗಲಿ. ಎಷ್ಟು ಬಿಡುತ್ತದೆ ಅಂತ ಮೊದಲೇ ತಿಳಿಯಬೇಕಾದರೆ ಬಿಳಿ ಕರ್ಚೀಫನ್ನು ಒದ್ದೆ ಮಾಡಿ, ಪ್ಯಾಂಟಿನ ಕಾಲಿನ ತುದಿಯ ಹತ್ತಿರ ಹತ್ತು ಸಲ ಉಜ್ಜಿ. ಕರ್ಚೀಫು ನೀಲಿಯಾದರೆ ಮೊದಲ ಎರಡು ಮೂರು ಸಲ ಆ ಪ್ಯಾಂಟನ್ನು ಒಂಟಿಯಾಗಿಯೇ ಒಗೆಯಬೇಕು.

ಯಾವಾಗ ಒಗೆಯಬೇಕು

ಲೀವೈಸ್ ಕಂಪನಿಯ ಮುಖ್ಯಸ್ಥರಾಗಿದ್ದ ಚಿಪ್ ಬರ್ಗ್ ತಮ್ಮ ಜೀನ್ಸನ್ನು ಒಂದು ವರ್ಷದಿಂದ ಒಗೆದಿಲ್ಲ ಅಂತ 2014ರಲ್ಲಿ ಹೇಳಿ ದೊಡ್ಡ ಸುದ್ದಿಯಾಗಿತ್ತು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಬೈಕಿನ ಮೇಲೆ ಕಾಯುವವರಿಗೆ ಅದು ಆಗುವ ಮಾತಲ್ಲ. ಧೂಳು, ಹೊಗೆ, ಬೆವರು ಸೇರಿ ಬಟ್ಟೆಯಲ್ಲೇ ಉಳಿದರೆ ನಡೆಯುವಾಗಲೆಲ್ಲ ಆ ಧೂಳೇ ನೂಲನ್ನು ಉಜ್ಜುತ್ತಿರುತ್ತದೆ. ತೊಡೆಸಂದಿನಲ್ಲಿ ಬಟ್ಟೆ ಬೇಗ ಸವೆಯುವುದಕ್ಕೆ ಇದೂ ಒಂದು ಕಾರಣ.

ಹಾಗಂತ ಪ್ರತಿದಿನ ಒಗೆಯುವುದೂ ಬೇಡ. ಆಫೀಸು, ಮೆಟ್ರೊ ಅಂತ ಓಡಾಡುವವರು ನಾಲ್ಕೈದು ಸಲ ಹಾಕಿದ ಮೇಲೆ ಒಗೆದರೆ ಸಾಕು. ಬೇಸಿಗೆಯಲ್ಲಿ ಬೈಕು ಓಡಿಸುವವರು ಎರಡು ಮೂರು ಸಲಕ್ಕೆ ಒಗೆಯಬೇಕಾಗಬಹುದು. ಸಂಜೆ ಬಿಚ್ಚಿದ ಕೂಡಲೇ ಬೀರುವಿಗೆ ತುರುಕದೆ, ರಾತ್ರಿಯಿಡೀ ಗಾಳಿಯಾಡುವ ಕಡೆ ನೇತುಹಾಕಿ. ಬೆವರು ಆರಿದರೆ ವಾಸನೆ ಅರ್ಧ ಹೋಗುತ್ತದೆ.

ಒಂದೇ ಕಡೆ ಕಲೆ ಇದ್ದರೆ ಅಲ್ಲಿಗೆ ಮಾತ್ರ ಕೈ ಹಾಕಿ. ಮಳೆಯಲ್ಲಿ ಸಿಡಿದ ಕೆಂಪು ಮಣ್ಣನ್ನು ಹಸಿಯಾಗಿರುವಾಗ ಒರೆಸಿದರೆ ನೂಲಿನೊಳಕ್ಕೆ ಇಳಿಯುತ್ತದೆ. ಒಣಗಲು ಬಿಟ್ಟು ಆಮೇಲೆ ಕೊಡವಿದರೆ ಮುಕ್ಕಾಲು ಪಾಲು ಉದುರುತ್ತದೆ. ಬೈಕ್ ಚೈನಿನ ಗ್ರೀಸ್ ಆಗಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ, ಬೆರಳಿನಿಂದ ಒತ್ತಿ, ಹತ್ತು ನಿಮಿಷ ಬಿಟ್ಟು, ಒಳಮೈ ಕಡೆಯಿಂದ ನೀರು ಬಿಡಿ. ಗ್ರೀಸು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ.

ಉಲ್ಟಾ ಮಾಡುವ ಕ್ರಮ

ಮೊದಲು ಜೇಬು ಖಾಲಿ ಮಾಡಿ. ಚಿಕ್ಕ ಐದನೇ ಜೇಬನ್ನೂ ನೋಡಿ, ಬಿಲ್ಲು, ಬಸ್ ಟಿಕೆಟ್ಟು ಅಲ್ಲಿ ಮಡಚಿಕೊಂಡು ಕೂತಿರುತ್ತವೆ. ಕಾಗದ ನೆಂದು ಹಿಟ್ಟಾದರೆ ಕಡುನೀಲಿ ಬಟ್ಟೆಯಿಂದ ಅದನ್ನು ಬಿಡಿಸುವುದು ದೊಡ್ಡ ಕೆಲಸ. ಕಾಲಿನ ತುದಿ ಮಡಚಿದ್ದರೆ ಬಿಚ್ಚಿ, ಧೂಳು ಕೊಡವಿ.

ಆಮೇಲೆ ಸೊಂಟದಿಂದ ಕೈ ಒಳಗೆ ಹಾಕಿ, ಕಾಲಿನ ತುದಿ ಹಿಡಿದು, ಒಂದೊಂದೇ ಕಾಲನ್ನು ಹೊರಗೆ ಎಳೆಯಿರಿ. ಬಿಗಿ ಜೀನ್ಸಾದರೆ ಒಂದೇ ಸಲ ಜಗ್ಗದೆ, ಸುರುಳಿ ಸುತ್ತಿಕೊಂಡು ಬನ್ನಿ. ಉಲ್ಟಾ ಆದ ಮೇಲೆ ಜಿಪ್ಪನ್ನು ಮೇಲಕ್ಕೆ ಎಳೆದು ಗುಂಡಿ ಹಾಕಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಜಿಪ್ ತೆರೆದಿದ್ದರೆ ಅದರ ಹಲ್ಲು ಬಟ್ಟೆಯನ್ನು ಗೀರುತ್ತದೆ, ಸೊಂಟದ ಪಟ್ಟಿ ಮೆಷಿನ್ನಿನಲ್ಲಿ ಎಳೆದಾಡಿ ಸೊಟ್ಟಗಾಗುತ್ತದೆ.

ಉಲ್ಟಾ ಮಾಡಿದಾಗ ಉಜ್ಜಾಟವೆಲ್ಲ ಒಳಮೈಗೆ ಬೀಳುತ್ತದೆ. ಅದು ಹೇಗೂ ಬಿಳಿ. ಬೆವರು, ಚರ್ಮದ ಜಿಡ್ಡು ಇರುವುದೂ ಒಳಮೈಯಲ್ಲೇ, ಸೋಪು ಮೊದಲು ಅಲ್ಲಿಗೇ ತಲುಪುತ್ತದೆ.

ನೀರು: ತಣ್ಣಗಿರಬೇಕು, ಮೆತ್ತಗಿದ್ದರೆ ಇನ್ನೂ ಒಳ್ಳೆಯದು

ನೀರು 30 ಡಿಗ್ರಿ ದಾಟದಿದ್ದರೆ ಸಾಕು. ಬಿಸಿನೀರಿನಲ್ಲಿ ಹತ್ತಿಯ ಎಳೆ ಉಬ್ಬುತ್ತದೆ, ಸೋಪಿನ ಬಿರುಸೂ ಜಾಸ್ತಿಯಾಗುತ್ತದೆ. ಹೊರಪದರದ ನೀಲಿ ಆಗ ಸುಲಭವಾಗಿ ಕಳಚಿಕೊಳ್ಳುತ್ತದೆ. ಇಲಾಸ್ಟೇನಿಗೂ ಬಿಸಿ ಆಗುವುದಿಲ್ಲ. ಪ್ಯಾಂಟನ್ನು ಹಿಗ್ಗಿಸಿ ಮತ್ತೆ ಒಳಕ್ಕೆ ಎಳೆದುಕೊಳ್ಳುವ ಎಳೆ ಅದು. ಪದೇಪದೇ ಬಿಸಿ ತಾಗಿದರೆ ಎಳೆದುಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಒಗೆದು ಒಣಗಿಸಿದ ಮೇಲೂ ಮೊಣಕಾಲಿನ ಉಬ್ಬು ಇಳಿಯದೆ ಹಾಗೇ ನಿಂತಿದ್ದರೆ ಅದು ಸೋತಿದೆ ಅಂತ ಅರ್ಥ. ಅದನ್ನು ಸರಿ ಮಾಡಲು ಆಗುವುದಿಲ್ಲ.

ಇನ್ನು ಕುಗ್ಗುವಿಕೆ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಜೀನ್ಸಿನ ಬಟ್ಟೆಯನ್ನು ಮೊದಲೇ ಕುಗ್ಗಿಸಿರುತ್ತಾರೆ. ಆದರೂ ಸುಮಾರು 3% ವರೆಗೆ ಕುಗ್ಗಲು ಜಾಗ ಉಳಿದಿರಬಹುದು. ಒಳಕಾಲಿನ ಉದ್ದ 80 ಸೆಂಟಿಮೀಟರ್ ಇದ್ದರೆ ಅದು ಹೆಚ್ಚುಕಡಿಮೆ ಎರಡೂವರೆ ಸೆಂಟಿಮೀಟರ್. ಸರಿಯಾಗಿ ಪಾದದ ಮೇಲೆ ಕೂರುತ್ತಿದ್ದ ಪ್ಯಾಂಟು ಮೇಲಕ್ಕೆ ಹೋದಂತೆ ಕಾಣಲು ಅಷ್ಟು ಸಾಕು. ಬಿಸಿನೀರು, ಬಿಸಿಗಾಳಿಯ ಡ್ರೈಯರ್ ಎರಡೂ ಸೇರಿದರೆ ಆ ಕುಗ್ಗುವಿಕೆ ಪೂರ್ತಿ ಹೊರಗೆ ಬರುತ್ತದೆ.

ಬೆಂಗಳೂರಿನಲ್ಲಿ ತಣ್ಣೀರಿಗೇನು ಕೊರತೆ ಅನ್ನಿಸಬಹುದು. ಏಪ್ರಿಲ್ ಮಧ್ಯಾಹ್ನ ಮಹಡಿ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನಿಂದ ಬರುವ ನೀರಿಗೆ ಕೈ ಹಿಡಿದು ನೋಡಿ, ಬೆಚ್ಚಗೇ ಇರುತ್ತದೆ. ಬೇಸಿಗೆಯಲ್ಲಿ ಜೀನ್ಸನ್ನು ಬೆಳಿಗ್ಗೆಯೇ ಒಗೆಯುವುದು ಒಳ್ಳೆಯದು. ಯುಟಿಲಿಟಿಯ ನಲ್ಲಿಗೆ ಸೋಲಾರ್ ನೀರು ಕೂಡಿಸಿರುವ ಮನೆಗಳಲ್ಲಿ ಯಾವ ನಲ್ಲಿ ತೆರೆದಿದೆ ಅಂತಲೂ ನೋಡಿಕೊಳ್ಳಬೇಕು.

ತಣ್ಣಗಿರುವುದರ ಜೊತೆಗೆ ಗಡಸುತನದ ವಿಷಯ ಇದೆ. ಬೋರ್ ನೀರು, ಟ್ಯಾಂಕರ್ ನೀರು ಬಹಳ ಕಡೆ ಗಡಸು. ನಲ್ಲಿ ಬಾಯಲ್ಲಿ, ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟಿದ್ದರೆ ನಿಮ್ಮ ಮನೆಯದೂ ಅದೇ. ಈ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಜಿಗುಟಾಗುತ್ತದೆ. ಅದು ಬಟ್ಟೆಯ ಮೇಲೆ ಕೂತು ನೀಲಿಯನ್ನು ಬೂದು ಮಾಡುತ್ತದೆ, ಒಣಗಿದ ಪ್ಯಾಂಟು ರಟ್ಟಿನ ಹಾಗೆ ನಿಲ್ಲುತ್ತದೆ. ಬಣ್ಣ ಹೋಯಿತು ಅಂತ ಬಹಳ ಜನ ಬೇಜಾರು ಮಾಡಿಕೊಳ್ಳುವುದು ಇದನ್ನು ನೋಡಿಯೇ. ನಿಜಕ್ಕೂ ಬಣ್ಣ ಕೆಳಗೆ ಇರುತ್ತದೆ, ಮೇಲೆ ಪೊರೆ ಇರುತ್ತದೆ ಅಷ್ಟೇ.

ವಿನೆಗರ್ ಕೆಲಸಕ್ಕೆ ಬರುವುದು ಇಲ್ಲಿ. ಕೊನೆಯ ಸಲ ಜಾಲಿಸುವಾಗ ಒಂದು ಬಕೆಟ್ ನೀರಿಗೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಿ, ಐದು ನಿಮಿಷ ಬಿಟ್ಟು ತೆಗೆದರೆ ಈ ಪೊರೆ ಸಡಿಲವಾಗುತ್ತದೆ. ಒಣಗಿದ ಮೇಲೆ ವಾಸನೆ ಇರುವುದಿಲ್ಲ. ಬ್ಲೀಚ್ ಇರುವ ನೀರಿಗೆ ಮಾತ್ರ ವಿನೆಗರ್ ಎಂದೂ ಸೇರಿಸಬೇಡಿ, ವಿಷದ ಗಾಳಿ ಹುಟ್ಟುತ್ತದೆ. ಬೋರೂ ಕಾವೇರಿ ನೀರೂ ಎರಡೂ ಬರುವ ಮನೆಯಾದರೆ ಕೊನೆಯ ಜಾಲಾಟಕ್ಕೆ ಕಾವೇರಿ ನೀರು ಇಟ್ಟುಕೊಳ್ಳಿ. ಹಿಡಿದಿಟ್ಟ ಮಳೆನೀರು ಇದ್ದರೆ ಅದಕ್ಕಿಂತ ಮೆತ್ತಗಿನದು ಇಲ್ಲ.

ಸೋಪು

ಲಿಕ್ವಿಡ್ ಡಿಟರ್ಜೆಂಟ್ ಒಳ್ಳೆಯದು, ಬಣ್ಣದ ಬಟ್ಟೆಗೆ ಅಂತ ಬರೆದಿರುವುದು ಇನ್ನೂ ಒಳ್ಳೆಯದು. ಪುಡಿ ತಣ್ಣೀರಿನಲ್ಲಿ ಪೂರ್ತಿ ಕರಗದೆ ಜೀನ್ಸಿನ ಮಡಿಕೆಯಲ್ಲಿ ಬಿಳಿ ಗೆರೆಯಾಗಿ ಉಳಿಯುತ್ತದೆ. ಪುಡಿಯೇ ಬಳಸುವುದಾದರೆ ಒಂದು ಮಗ್ ನೀರಿನಲ್ಲಿ ಮೊದಲೇ ಕದಡಿ ಹಾಕಿ. 'ಬಿಳುಪು ಹೊಳೆಯುತ್ತದೆ' ಅಂತ ಜಾಹೀರಾತು ಬರುವ ಪುಡಿಗಳಲ್ಲಿ ಬೆಳಕನ್ನು ನೀಲಿಯಾಗಿ ಹಿಂದಕ್ಕೆ ಕಳಿಸುವ ವಸ್ತು ಇರುತ್ತದೆ. ಬಿಳಿ ಅಂಗಿಗೆ ಅದು ಚೆನ್ನ, ಕಡುಬಣ್ಣ ಅದರಿಂದ ಮಂಕಾಗಿ ಕಾಣುತ್ತದೆ. ಬಟ್ಟೆ ಮೃದು ಮಾಡುವ ಕಂಡೀಷನರ್ ಹಿಗ್ಗುವ ಜೀನ್ಸಿಗೆ ಬೇಡ. ಬಾರ್ ಸೋಪನ್ನು ಗಡಸು ನೀರಿನ ಮನೆಯಲ್ಲಿ ಜೀನ್ಸಿನ ಹತ್ತಿರ ತರದೇ ಇರುವುದು ಮೇಲು.

ಬಕೆಟ್ಟಿನಲ್ಲಿ, ಮೊದಲಿಂದ ಕೊನೆಯವರೆಗೆ

ತಂಗಿಯ ಮಗನ ಪ್ಯಾಂಟನ್ನೇ ತೆಗೆದುಕೊಳ್ಳೋಣ. ಕರ್ಚೀಫಿಗೆ ನೀಲಿ ಹತ್ತಿತ್ತು, ಹಾಗಾಗಿ ಒಂಟಿ ಒಗೆತ. ಉಲ್ಟಾ ಮಾಡಿ, ಜಿಪ್ ಹಾಕಿ ಆಯಿತು.

20 ಲೀಟರಿನ ಬಕೆಟ್ಟಿಗೆ ಅರ್ಧಕ್ಕಿಂತ ಸ್ವಲ್ಪ ಮೇಲೆ, ಹನ್ನೆರಡು ಲೀಟರಿನಷ್ಟು ತಣ್ಣೀರು. ಅದಕ್ಕೆ ಒಂದು ಟೇಬಲ್ ಚಮಚ ಲಿಕ್ವಿಡ್ ಹಾಕಿ ಕೈಯಿಂದ ಕಲಸಿ. ನೊರೆ ಉಕ್ಕಬೇಕಿಲ್ಲ. ಸೋಪು ಕಲಸಿದ ಮೇಲೇ ಪ್ಯಾಂಟು ಹಾಕಬೇಕು. ಪ್ಯಾಂಟಿನ ಮೇಲೆ ನೇರವಾಗಿ ಸುರಿದರೆ ಬಿದ್ದ ಜಾಗದಲ್ಲಿ ಮಚ್ಚೆ ಮಚ್ಚೆಯಾಗಿ ಮಸುಕಾಗಬಹುದು. ಮುದ್ದೆ ಮಾಡಿ ತುರುಕದೆ ಉದ್ದಕ್ಕೆ ಮಡಚಿ ಇಳಿಸಿ, ಗಾಳಿಗುಳ್ಳೆ ಹೋಗುವವರೆಗೆ ಒತ್ತಿ.

ಹದಿನೈದು ಇಪ್ಪತ್ತು ನಿಮಿಷ ನೆನೆದರೆ ಸಾಕು. ರಾತ್ರಿ ನೆನೆಹಾಕಿ ಬೆಳಿಗ್ಗೆ ಒಗೆಯುವ ಅಭ್ಯಾಸ ಜೀನ್ಸಿಗೆ ಬೇಡ. ಬಿಟ್ಟ ಬಣ್ಣ ನೀರಿನಲ್ಲೇ ಇದ್ದು ಬಿಳಿ ಹೊಕ್ಕಿಗೆ, ಜೇಬಿನ ಬಟ್ಟೆಗೆ, ಚರ್ಮದ ಪಟ್ಟಿಗೆ ಹತ್ತುತ್ತದೆ.

ಆಮೇಲೆ ಎರಡೂ ಕೈಯಿಂದ ಒತ್ತಿ, ಬಿಟ್ಟು, ತಿರುಗಿಸಿ, ಮತ್ತೆ ಒತ್ತಿ. ಮೂರು ನಾಲ್ಕು ನಿಮಿಷ ಹೀಗೆ ಮಾಡಿದರೆ ಸೋಪುನೀರು ಬಟ್ಟೆಯೊಳಗೆ ಹೋಗಿ ಹೊರಗೆ ಬರುತ್ತದೆ. ಕೊಳೆ ತೆಗೆಯುವುದು ಈ ಓಡಾಟವೇ. ಸೊಂಟದ ಪಟ್ಟಿ, ಕಾಲಿನ ತುದಿಯ ಮಡಿಕೆ, ತೊಡೆಸಂದು, ಈ ಮೂರು ಕಡೆ ಒಳಮೈಯನ್ನು ಬೆರಳಿನಿಂದ ತಿಕ್ಕಬಹುದು. ಬ್ರಶ್ ಬೇಡ, ಕಲ್ಲಿನ ಮೇಲೆ ಬಡಿಯುವುದಂತೂ ಬೇಡವೇ ಬೇಡ.

ಬಟ್ಟೆ ಒಗೆಯಲು ಮನೆಗೆ ಬರುವವರಿದ್ದರೆ ಇದನ್ನು ಮೊದಲೇ ಹೇಳಬೇಕು. ನಮ್ಮಲ್ಲಿ ಬರುವ ಅಕ್ಕನಿಗೆ ಹೇಳಿದಾಗ "ಬ್ರಶ್ ಹಾಕ್ದೆ ಇದ್ರೆ ಕೊಳೆ ಹೆಂಗಮ್ಮ ಹೋಗುತ್ತೆ?" ಅಂದರು. ನ್ಯಾಯವಾದ ಪ್ರಶ್ನೆ. ಒತ್ತಿ ಒತ್ತಿ ಹೊರಬಂದ ನೀರಿನ ಬಣ್ಣ ತೋರಿಸಿದ ಮೇಲೆ ಒಪ್ಪಿದರು. ಆ ನೀರು ನೀಲಿಯಷ್ಟೇ ಅಲ್ಲ, ಕಂದೂ ಇತ್ತು. ಬರೀ ನೀಲಿ ಇದ್ದರೆ ಅದು ಬಣ್ಣ, ಕಂದು ಬೂದು ಬೆರೆತಿದ್ದರೆ ಧೂಳು. ಆ ಕಂದು ಕಡಿಮೆಯಾದ ಕೂಡಲೇ ಕೈ ನಿಲ್ಲಿಸಬೇಕು.

ಜಾಲಿಸುವುದು ಮೂರು ಸಲ, ಪ್ರತಿ ಸಲವೂ ಹೊಸ ನೀರು. ಮೂರನೆಯದರಲ್ಲಿ ನೊರೆ ಇರಬಾರದು. ನೀರು ತಿಳಿನೀಲಿಯಾಗಿದ್ದರೆ ಚಿಂತೆಯಿಲ್ಲ, ಅದು ಪೂರ್ತಿ ತಿಳಿಯಾಗಲಿ ಅಂತ ಐದಾರು ಸಲ ಜಾಲಿಸುತ್ತ ಕೂರಬೇಡಿ.

ಹಿಂಡುವಾಗ ತಿರುಚಬಾರದು. ತಿರುಚಿದ ಕಡೆ ಮಡಿಕೆಯ ಏಣು ಏಣಿಗೆ ಉಜ್ಜಿ ಬಿಳಿ ಗೆರೆ ಮೂಡುತ್ತದೆ, ಇಲಾಸ್ಟೇನ್ ಎಳೆಗಳೂ ತುಂಡಾಗಬಹುದು. ಬಕೆಟ್ಟಿನ ಅಂಚಿಗೆ ಮಡಚಿ ಹಾಕಿ ನೀರು ಇಳಿಯಲು ಬಿಡಿ. ಆಮೇಲೆ ಹಳೆಯ ಟವೆಲ್ ಮೇಲೆ ಹಾಸಿ, ಸುರುಳಿ ಸುತ್ತಿ, ಮೊಣಕಾಲಿನಿಂದ ಒತ್ತಿ. ನೀಲಿ ಹತ್ತಿದರೂ ಪರವಾಗಿಲ್ಲ ಅನ್ನುವಂಥ ಟವೆಲ್ ಆಗಿರಲಿ.

ಮೆಷಿನ್ನಿನಲ್ಲಾದರೆ

ಉಲ್ಟಾ, ಜಿಪ್, ಸೋಪು, ಎಲ್ಲ ಅದೇ. ಫ್ರಂಟ್ ಲೋಡ್ ಮೆಷಿನ್ನಿನಲ್ಲಿ 'ಕಾಟನ್' ಅಂತ ಒತ್ತಿದರೆ ಎಷ್ಟೋ ಮಾಡೆಲ್‌ಗಳು ತಾವೇ ನೀರನ್ನು 40 ಡಿಗ್ರಿಗೆ ಕಾಯಿಸುತ್ತವೆ. ಅದನ್ನು ಕೈಯಾರೆ ಇಳಿಸಿ 'ಕೋಲ್ಡ್' ಅಥವಾ 30ಕ್ಕೆ ತನ್ನಿ. ಡೆಲಿಕೇಟ್ ಪ್ರೋಗ್ರಾಂ, ಸ್ಪಿನ್ 600 ಸಾಕು. ಡ್ರಮ್ಮಿನಲ್ಲಿ ಅರ್ಧ ಜಾಗ ಖಾಲಿ ಇರಲಿ. ತುಂಬಿ ತುಳುಕಿದರೆ ಜೀನ್ಸಿಗೆ ಜೀನ್ಸು ಉಜ್ಜುತ್ತದೆ, ಸೋಪೂ ಬಿಟ್ಟುಹೋಗುವುದಿಲ್ಲ. ಟಾಪ್ ಲೋಡ್‌ನಲ್ಲಿ ಅಲುಗಾಟ ಜಾಸ್ತಿ, ಅದಕ್ಕೆ ನೀರಿನ ಮಟ್ಟ ಮೇಲಿಡಬೇಕು. ಸೆಮಿ ಆಟೊಮ್ಯಾಟಿಕ್ ಆದರೆ 'ಜೆಂಟಲ್'ನಲ್ಲಿ ಐದಾರು ನಿಮಿಷ, ಒಣಗಿಸುವ ಡಬ್ಬದಲ್ಲಿ ಒಂದು ನಿಮಿಷ. ಟವೆಲ್ ಜೊತೆ ಹಾಕಬೇಡಿ. ಅದರಿಂದ ಉದುರುವ ಸಣ್ಣ ಎಳೆಗಳೆಲ್ಲ ಕಡುನೀಲಿಯ ಮೇಲೆ ಕೂರುತ್ತವೆ.

ಮುಗಿದ ಕೂಡಲೇ ತೆಗೆಯಬೇಕು. ಮುದ್ದೆಯಾಗಿ ಬಿದ್ದಿದ್ದ ಮಡಿಕೆಗಳು ಹಾಗೇ ಗೆರೆಯಾಗಿ ನಿಲ್ಲುತ್ತವೆ.

ಒಣಗಿಸುವುದು

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತಂಪಾಗಿದ್ದರೂ ಬಿಸಿಲು ಚುರುಕು. ಇಂಡಿಗೊ ಬಿಸಿಲಿಗೆ ಮಾಸುವ ಬಣ್ಣ. ಮಧ್ಯಾಹ್ನವೆಲ್ಲ ಮಹಡಿಯ ಹಗ್ಗದ ಮೇಲೆ ಬಿಟ್ಟರೆ ಬಿಸಿಲು ಬಿದ್ದ ಮಗ್ಗುಲು ಒಂದು ಬಣ್ಣ, ಇನ್ನೊಂದು ಮಗ್ಗುಲು ಬೇರೆ ಬಣ್ಣ. ಉಲ್ಟಾ ಇರುವ ಹಾಗೆಯೇ, ನೆರಳಿನಲ್ಲಿ, ಗಾಳಿಗೆ ಹಾಕಿ.

ಹಾಕುವ ಮುಂಚೆ ಸೊಂಟ ಹಿಡಿದು ಎರಡು ಸಲ ಜಾಡಿಸಿ. ಪಕ್ಕದ ಹೊಲಿಗೆಗಳನ್ನು ನೇರ ಮಾಡಿ, ಕೈಯಿಂದ ಸವರಿ. ಜೇಬುಗಳನ್ನು ಹೊರಗೆ ಎಳೆದುಬಿಡಿ, ಕೊನೆಗೆ ಒಣಗುವುದು ಅವೇ. ಸೊಂಟದ ಪಟ್ಟಿಗೆ ಎರಡೂ ಪಕ್ಕದಲ್ಲಿ ಕ್ಲಿಪ್ ಹಾಕಿ, ಪಟ್ಟಿ ವೃತ್ತವಾಗಿ ತೆರೆದಿರುವಂತೆ ತೂಗುಹಾಕಿದರೆ ಗಾಳಿ ಕಾಲಿನೊಳಗೆ ಓಡಾಡುತ್ತದೆ. ನೀರು ತೊಟ್ಟಿಕ್ಕುತ್ತಿರುವಾಗ ಮಾತ್ರ ಹೀಗೆ ತೂಗಬೇಡಿ. ಆ ಭಾರಕ್ಕೆ ಹಿಗ್ಗುವ ಬಟ್ಟೆ ಉದ್ದವಾಗುತ್ತದೆ, ಮೊಣಕಾಲು ಸಡಿಲವಾಗುತ್ತದೆ. ಟವೆಲ್ಲಿನಲ್ಲಿ ಒತ್ತಿದ್ದು ಇದಕ್ಕಾಗಿಯೇ. ತುಂಬಾ ತೆಳು, ತುಂಬಾ ಹಿಗ್ಗುವ ಪ್ಯಾಂಟಾದರೆ ಸ್ಟ್ಯಾಂಡಿನ ಮೇಲೆ ಮಲಗಿಸಿ ಒಣಗಿಸಿ.

ಮಳೆಗಾಲದಲ್ಲಿ ಎರಡು ದಿನವಾದರೂ ಸೊಂಟದ ಪಟ್ಟಿ ಹಸಿಯಾಗೇ ಇರುತ್ತದೆ, ಮುಗ್ಗುಲು ವಾಸನೆ ಶುರುವಾಗುತ್ತದೆ. ಆಗ ಬರೀ ಸ್ಪಿನ್ ಇನ್ನೊಂದು ಸಲ, ಕಡಿಮೆ ವೇಗದಲ್ಲಿ ಕೊಡಿ. ಆಮೇಲೆ ಫ್ಯಾನಿನ ಕೆಳಗೆ ಸ್ಟ್ಯಾಂಡ್ ಇಡಿ. ಬೇಗ ಆಗಲಿ ಅಂತ ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಬೇಡಿ. ಮುಗ್ಗುಲು ಹಿಡಿದೇ ಬಿಟ್ಟಿದ್ದರೆ ಸೆಂಟು ಹೊಡೆದು ಮುಚ್ಚಲು ಆಗುವುದಿಲ್ಲ, ಮತ್ತೆ ಒಗೆಯಬೇಕು.

ಇಸ್ತ್ರಿ ಬೇಕೇ ಬೇಕು ಅನ್ನುವವರು ಉಲ್ಟಾ ಇರುವಾಗಲೇ, ಸ್ವಲ್ಪ ತೇವ ಇರುವಾಗ, ಹದವಾದ ಬಿಸಿಯಲ್ಲಿ ಮಾಡಬಹುದು. ಬೀದಿಯ ಇಸ್ತ್ರಿ ಗಾಡಿಗೆ ಕೊಡುವಾಗ ನಡುವೆ ಗೆರೆ ಹಾಕಬೇಡಿ ಅಂತ ಹೇಳಿ. ಆ ಏಣು ಉಜ್ಜಿ ಉಜ್ಜಿ ಬಿಳಿ ಗೆರೆಯಾದರೆ ಮತ್ತೆ ಹೋಗುವುದಿಲ್ಲ.

ಒಗೆದ ಮೇಲೆ ಸೊಂಟ ಬಿಗಿಯಾಯಿತು ಅಂತ ಗಾಬರಿ ಬೇಡ. ಹಾಕಿಕೊಂಡು ನಾಲ್ಕು ಸಲ ಕೂತು ಎದ್ದರೆ ಸಡಿಲವಾಗುತ್ತದೆ. ನಿಮ್ಮ ಒಗೆತ ಸರಿ ಇದೆಯೇ ಅಂತ ನೋಡಲು ಕೆಲವು ತಿಂಗಳ ನಂತರ ಕಾಲಿನ ತುದಿಯ ಮಡಿಕೆಯನ್ನು ಸ್ವಲ್ಪ ಬಿಡಿಸಿ, ಒಳಗಿನ ನೀಲಿಯನ್ನು ಕಾಲಿನ ಹಿಂಭಾಗದ ನೀಲಿಯ ಪಕ್ಕ ಹಿಡಿಯಿರಿ. ಮೊಣಕಾಲು, ತೊಡೆ ನೋಡಬೇಡಿ, ಅಲ್ಲಿನ ಸವೆತ ಹಾಕಿಕೊಂಡು ಓಡಾಡುವುದರಿಂದ ಬಂದದ್ದು. ಹಿಂಭಾಗದಲ್ಲೂ ದೊಡ್ಡ ವ್ಯತ್ಯಾಸ ಕಂಡರೆ ನೀರಿನ ಬಿಸಿ, ಸೋಪಿನ ಪ್ರಮಾಣ, ಒಣಹಾಕುವ ಜಾಗ, ಈ ಮೂರರಲ್ಲಿ ಒಂದು ತಪ್ಪಿದೆ.